ರಾಷ್ಟ್ರದ ನೆನಪು: ಕಲ್ಕತ್ತೆಯ ಕಪ್ಪು ಕೋಣೆಯ ಕತೆ



ಒಬ್ಬ ಮನುಷ್ಯನಿಗೆ ನೆನಪಿರುವಂತೆ ಒಂದು ರಾಷ್ಟ್ರಕ್ಕೂ ನೆನಪು ಇರುವುದೆಂದು ನಾವು ಸಾಮಾನ್ಯವಾಗಿ ಮಾತನಾಡುತ್ತೇವೆ. ಆದರೆ ರಾಷ್ಟ್ರಕ್ಕೆ ಮನಸ್ಸೆಂಬ ಪ್ರತ್ಯೇಕ ವಸ್ತುವಿಲ್ಲ. ಇನ್ನೂರು ವರ್ಷದ ಹಿಂದೆ ನಡೆದ ಸಂಗತಿಯನ್ನು ಕಣ್ಣಾರೆ ಕಂಡವರು ಯಾರೂ ಈಗ ಉಳಿದಿರುವುದಿಲ್ಲ. ಹಾಗಿದ್ದರೂ ಅದು ನಮಗೆ ನೆನಪಿದೆ ಎನ್ನುತ್ತೇವೆ. ಆ ನೆನಪು ನಮ್ಮವರೆಗೆ ಬಂದ ದಾರಿ ಯಾವುದು? ಬೀದಿಯಲ್ಲಿ ನಿಲ್ಲಿಸಿದ ಕಲ್ಲು ಒಂದು ದಾರಿ. ಹಿರಿಯರು ಕಿರಿಯರಿಗೆ ಹೇಳಿದ ಮಾತು ಇನ್ನೊಂದು. ಶಾಲೆಯಲ್ಲಿ ಮಕ್ಕಳು ಬಾಯಿಪಾಠ ಮಾಡುವ ಪುಸ್ತಕ ಮೂರನೆಯದು. ಈ ಮೂರರಲ್ಲಿ ಯಾವುದರ ಬಲ ಎಷ್ಟು, ಒಂದು ಇನ್ನೊಂದನ್ನು ಹೇಗೆ ತಿದ್ದುತ್ತದೆ ಅಥವಾ ಕೆಡಿಸುತ್ತದೆ ಎಂಬುದೇ ಈ ಹೊತ್ತಿನ ವಿಚಾರ.

ಇದನ್ನು ಸಾಮಾನ್ಯ ಸೂತ್ರಗಳಾಗಿ ಹೇಳುವುದಕ್ಕಿಂತ ಒಂದೇ ಒಂದು ಉದಾಹರಣೆಯನ್ನು ಹಿಡಿದು ಮೊದಲಿನಿಂದ ಕೊನೆಯವರೆಗೆ ನೋಡುವುದು ಮೇಲು. ನಾವು ಆರಿಸಿಕೊಂಡಿರುವುದು ಕಲ್ಕತ್ತೆಯ ಕಪ್ಪು ಕೋಣೆಯ ಕತೆ. ಈ ಒಂದು ರಾತ್ರಿಯ ಸಂಗತಿಗೆ ಎರಡು ಸಲ ಸ್ತಂಭವನ್ನು ಕಟ್ಟಿದರು, ಎರಡು ಸಲ ತೆಗೆದರು. ಪಠ್ಯಪುಸ್ತಕಗಳಲ್ಲಿ ಅದು ಒಮ್ಮೆ ದೊಡ್ಡದಾಗಿ ಬೆಳೆಯಿತು, ಇನ್ನೊಮ್ಮೆ ಕಾಣದಂತೆ ಮರೆಯಾಯಿತು. ಸ್ಮಾರಕದ ಚರಿತ್ರೆಯೂ ಪಾಠದ ಚರಿತ್ರೆಯೂ ಇಷ್ಟು ಸ್ಪಷ್ಟವಾಗಿ ಅಕ್ಕಪಕ್ಕದಲ್ಲಿ ಸಿಕ್ಕುವ ಸಂದರ್ಭಗಳು ವಿರಳ.

ಮೊದಲು ನಡೆದದ್ದೇನು ಎಂಬುದನ್ನು ವಿವಾದವಿಲ್ಲದಷ್ಟು ಮಟ್ಟಿಗೆ ಹೇಳೋಣ. 1756ನೆಯ ಇಸವಿ ಜೂನ್ ತಿಂಗಳಲ್ಲಿ ಬಂಗಾಳದ ನವಾಬ ಸಿರಾಜುದ್ದೌಲನು ಕಲ್ಕತ್ತೆಯ ಮೇಲೆ ದಂಡೆತ್ತಿ ಬಂದನು. ತನ್ನ ಅಪ್ಪಣೆಯಿಲ್ಲದೆ ಈಸ್ಟ್ ಇಂಡಿಯಾ ಕಂಪನಿಯವರು ಕೋಟೆಯನ್ನು ಬಲಪಡಿಸಿದ್ದು ಅವನ ದೂರುಗಳಲ್ಲಿ ಒಂದು. ಕೋಟೆಯ ಗವರ್ನರನಾಗಿದ್ದ ರೋಜರ್ ಡ್ರೇಕನು ಜೂನ್ 19ರಂದು ಹಡಗು ಹತ್ತಿ ಹೊರಟುಹೋದನು. ಅವನೊಡನೆ ಇನ್ನೂ ಅನೇಕರು ಹೋದರು. ಹಿಂದೆ ಉಳಿದವರಿಗೆ ಜಾನ್ ಜೆಫನಾಯ ಹಾಲ್ವೆಲ್ ಎಂಬುವನು ನಾಯಕನಾದನು. ಆತನು ವೃತ್ತಿಯಿಂದ ವೈದ್ಯನಾಗಿದ್ದು, ಆ ಕಾಲಕ್ಕೆ ಕಂಪನಿಯ ಆಡಳಿತ ಸಭೆಯಲ್ಲಿ ಒಬ್ಬ ಸದಸ್ಯ. ಮಾರನೆಯ ದಿನ, ಜೂನ್ 20ನೆಯ ಭಾನುವಾರ, ಕೋಟೆ ಬಿದ್ದಿತು. ಆ ರಾತ್ರಿ ಸೆರೆಸಿಕ್ಕವರನ್ನು ಕೋಟೆಯೊಳಗಿನ ಒಂದು ಚಿಕ್ಕ ಕೋಣೆಯಲ್ಲಿ ಕೂಡಿದರು. ಅದು ನವಾಬನು ಕಟ್ಟಿಸಿದ ಕೋಣೆಯಲ್ಲ. ಕಂಪನಿಯವರು ತಮ್ಮ ಸಿಪಾಯಿಗಳು ಕುಡಿದು ಗಲಭೆ ಮಾಡಿದಾಗ ಕೂಡಿಹಾಕುವುದಕ್ಕಾಗಿ ಇಟ್ಟುಕೊಂಡಿದ್ದ ಸೆರೆಕೋಣೆ. ಕಪ್ಪು ಕೋಣೆಯೆಂಬ ಹೆಸರೂ ಅದಕ್ಕೆ ಅವರಲ್ಲಿಯೇ ಇದ್ದಿತು. ಸರಳು ಹಾಕಿದ ಚಿಕ್ಕ ಕಿಟಕಿಗಳಲ್ಲದೆ ಗಾಳಿಗೆ ಬೇರೆ ಮಾರ್ಗವಿರಲಿಲ್ಲ. ಮಳೆಗಾಲ ಮೊದಲಾಗುವ ಮುಂಚಿನ ಬಂಗಾಳದ ಸೆಕೆ. ಬೆಳಗ್ಗೆ ಬಾಗಿಲು ತೆಗೆದಾಗ ಹಲವರು ಸತ್ತುಬಿದ್ದಿದ್ದರು.

ಎಷ್ಟು ಜನರನ್ನು ಕೂಡಿದರು, ಎಷ್ಟು ಜನರು ಸತ್ತರು, ಯಾರ ಅಪ್ಪಣೆಯಿಂದ ಎಂಬ ಮೂರು ಪ್ರಶ್ನೆಗಳಿಗೆ ವಿವಾದವಿಲ್ಲದ ಉತ್ತರವಿಲ್ಲ. ಇವುಗಳಿಗೆ ಮುಂದೆ ನೂರಾರು ಪುಸ್ತಕಗಳು ಕೊಟ್ಟ ಉತ್ತರವೆಲ್ಲ ಹೆಚ್ಚಾಗಿ ಒಬ್ಬನೇ ಸಾಕ್ಷಿಯಿಂದ ಬಂದದ್ದು. ಆ ಸಾಕ್ಷಿಯೇ ಹಾಲ್ವೆಲ್. ಆತನು ಸೆರೆಯಿಂದ ಬಿಡುಗಡೆಯಾದ ಮೇಲೆ 1756ರ ಜುಲೈ ತಿಂಗಳಲ್ಲಿ ಬರೆದ ಕಾಗದದಲ್ಲಿ ಕೋಣೆಗೆ ಹೋದವರು ನೂರರವತ್ತಕ್ಕೂ ಹೆಚ್ಚು, ಬದುಕಿ ಬಂದವರು 16 ಎಂದು ತಿಳಿಸಿದನು. ಆಗಸ್ಟ್ ತಿಂಗಳಿನ ಕಾಗದದಲ್ಲಿ ಲೆಕ್ಕವನ್ನು ತಾನೇ ತಿದ್ದಿ, ಹೋದವರು 146, ಸತ್ತವರು 123, ಉಳಿದವರು 23 ಎಂದನು. 1757ರ ಫೆಬ್ರವರಿಯಲ್ಲಿ ಇಂಗ್ಲೆಂಡಿಗೆ ಹೋಗುವ ಹಡಗಿನ ಮೇಲೆ ಕುಳಿತು ಸ್ನೇಹಿತನೊಬ್ಬನಿಗೆ ಈ ರಾತ್ರಿಯ ವೃತ್ತಾಂತವನ್ನು ವಿಸ್ತಾರವಾಗಿ ಬರೆದನು. ಅದು 1758ರಲ್ಲಿ ಲಂಡನ್ನಿನಲ್ಲಿ ಅಚ್ಚಾಯಿತು. ಇಲ್ಲಿಯೂ ನಿಂತದ್ದು ಈ ಎರಡನೆಯ ಲೆಕ್ಕವೇ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಕತ್ತಲೆಯಲ್ಲಿ, ನೂಕುನುಗ್ಗಲಿನಲ್ಲಿ, ಪ್ರಾಣ ಹೋಗುವಂತಿದ್ದ ಸಮಯದಲ್ಲಿ ತಲೆಗಳನ್ನು ಎಣಿಸುವವರು ಯಾರೂ ಇರುವುದಿಲ್ಲ. ಒಂದು ತಿಂಗಳೊಳಗೆ ಬದಲಾದ ಸಂಖ್ಯೆಯು ಎಣಿಕೆಯಾಗಿರಲಾರದು, ಅದು ಅಂದಾಜು. ಹಾಲ್ವೆಲ್ಲನನ್ನು ಸುಳ್ಳನೆಂದು ಕರೆಯುವ ಅಗತ್ಯವಿಲ್ಲದೆಯೇ ಇಷ್ಟನ್ನು ಹೇಳಬಹುದು. ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದದ್ದು. ನವಾಬನು ತಮ್ಮನ್ನು ಕೊಲ್ಲಬೇಕೆಂದು ಆಜ್ಞೆ ಮಾಡಲಿಲ್ಲ, ಆ ರಾತ್ರಿಗೆ ತಮ್ಮನ್ನು ಭದ್ರವಾಗಿಡಿರೆಂದು ಮಾತ್ರ ಹೇಳಿದ್ದನು, ಮುಂದಿನದು ಕಾಳಗದಲ್ಲಿ ತಮ್ಮವರನ್ನು ಕಳೆದುಕೊಂಡಿದ್ದ ಕೆಳಗಿನ ಜಮಾದಾರರ ಸೇಡಿನ ಫಲ ಎಂಬ ಅರ್ಥದ ಮಾತನ್ನು ಹಾಲ್ವೆಲ್ಲನೇ ತನ್ನ ವೃತ್ತಾಂತದಲ್ಲಿ ಬರೆದಿದ್ದಾನೆ. ಈ ವಾಕ್ಯವನ್ನು ಶ್ರೋತೃಗಳು ನೆನಪಿನಲ್ಲಿ ಇಟ್ಟುಕೊಂಡಿರಬೇಕೆಂದು ಕೋರುತ್ತೇವೆ. ಮುಂದೆ ಇದು ಎಲ್ಲಿ ಕಳೆದುಹೋಯಿತೆಂಬುದನ್ನು ನೋಡಲಿದ್ದೇವೆ.

1757ರ ಜೂನ್ 23ರಂದು ಪ್ಲಾಸಿಯಲ್ಲಿ ಸಿರಾಜುದ್ದೌಲನು ಸೋತನು. ಕೆಲವು ದಿನಗಳಲ್ಲಿ ಕೊಲೆಯಾದನು. 1760ರಲ್ಲಿ ಹಾಲ್ವೆಲ್ ಸ್ವಲ್ಪ ಕಾಲ ಬಂಗಾಳದ ಗವರ್ನರನಾಗಿದ್ದನು. ಆ ಸುಮಾರಿನಲ್ಲಿ ತನ್ನ ಸ್ವಂತ ವೆಚ್ಚದಿಂದ, ಸತ್ತವರನ್ನು ಹೂಳಿದ್ದ ಕಂದಕದ ಮೇಲೆ, ಇಟ್ಟಿಗೆಯಿಂದ ಗಾರೆಯಿಂದ ಒಂದು ಸ್ತಂಭವನ್ನು ಕಟ್ಟಿಸಿದನು. ಅದರ ಮೇಲೆ ಸತ್ತವರ ಹೆಸರುಗಳನ್ನು ಬರೆಯಿಸಿದನು. 123 ಜನ ಸತ್ತರೆಂದು ಬರೆದಿದ್ದ ಆತನಿಗೆ ಸಿಕ್ಕಿದ ಹೆಸರುಗಳು ಐವತ್ತಕ್ಕಿಂತ ಕಡಿಮೆ. ಅದೇ ಸ್ತಂಭದ ಮೇಲೆ ಈ ಸಾವುಗಳು ಸಿರಾಜುದ್ದೌಲನ ಕ್ರೌರ್ಯದಿಂದಾದವು ಎಂಬ ಅರ್ಥದ ಬರಹವನ್ನೂ, ಅದಕ್ಕೆ ತಕ್ಕ ಪ್ರತೀಕಾರವಾಯಿತೆಂಬ ಮಾತನ್ನೂ ಕೆತ್ತಿಸಿದನು. ಪುಸ್ತಕದಲ್ಲಿ ನವಾಬನು ಆಜ್ಞೆ ಕೊಡಲಿಲ್ಲವೆಂದು ಬರೆದವನೂ, ಕಲ್ಲಿನ ಮೇಲೆ ಎಲ್ಲಕ್ಕೂ ನವಾಬನೇ ಕಾರಣವೆಂದು ಬರೆಯಿಸಿದವನೂ ಒಬ್ಬನೇ. ಇದು ಬರಿಯ ಕಪಟವೆಂದು ತಿಳಿಯಬೇಕಾಗಿಲ್ಲ. ಪುಸ್ತಕದಲ್ಲಿ ಪುಟಗಳಿವೆ, ಅಲ್ಲಿ 'ಆದರೆ' ಎನ್ನುವುದಕ್ಕೆ ಸ್ಥಳವುಂಟು. ಕಲ್ಲಿನ ಮೇಲೆ ನಾಲ್ಕು ಸಾಲು ಮಾತ್ರ ಹಿಡಿಯುತ್ತವೆ. ಆದುದರಿಂದ ಸ್ಮಾರಕವನ್ನು ಬರೆಯುವವನು ಯಾವಾಗಲೂ ಕಾರಣಗಳನ್ನು ಬಿಟ್ಟು ಕರ್ತೃವನ್ನು ಹೆಸರಿಸುತ್ತಾನೆ. ಸ್ಮಾರಕವು ನೆನಪನ್ನು ಕೆಡಿಸುವ ಮೊದಲನೆಯ ರೀತಿ ಇದು.

ಹೀಗೆ ಸ್ತಂಭವಾಯಿತು. ಅದರಿಂದ ಊರಿಗೆ ನೆನಪು ಉಳಿಯಿತೆ? ಇಲ್ಲವೆಂಬುದಕ್ಕೆ ಒಳ್ಳೆಯ ಸಾಕ್ಷ್ಯವಿದೆ. ಗುಲಾಂ ಹುಸೇನನು ಪಾರಸಿಯಲ್ಲಿ ಬರೆದ 'ಸಿಯರ್-ಉಲ್-ಮುತಾಖರೀನ್' ಎಂಬುದು ಆ ಕಾಲದ ಬಂಗಾಳದ ಚರಿತ್ರೆಗೆ ಬಹು ಮುಖ್ಯವಾದ ಗ್ರಂಥ. ಕಲ್ಕತ್ತೆಯನ್ನು ಹಿಡಿದದ್ದನ್ನು ಅದರಲ್ಲಿ ಹೇಳಿದೆ. ಕಪ್ಪು ಕೋಣೆಯ ಮಾತೇ ಇಲ್ಲ. 1789ರಲ್ಲಿ ಅದನ್ನು ಇಂಗ್ಲಿಷಿಗೆ ಅನುವಾದ ಮಾಡಿದ ಹಾಜಿ ಮುಸ್ತಾಫನೆಂಬವನು ಈ ಮೌನವನ್ನು ಕಂಡು ಒಂದು ಟಿಪ್ಪಣಿ ಬರೆದನು. ಇಂಗ್ಲಿಷರಲ್ಲಿ ಇಷ್ಟೊಂದು ಮಾತಾಗಿರುವ ಈ ಸಂಗತಿಯು ಬಂಗಾಳದಲ್ಲಿ ಯಾರಿಗೂ ತಿಳಿಯದು, ಕಲ್ಕತ್ತೆಯ ಲಕ್ಷಾಂತರ ನಿವಾಸಿಗಳಿಗೂ ತಿಳಿಯದು ಎಂದು ಅದರ ತಾತ್ಪರ್ಯ. ಸಂಗತಿ ನಡೆದು ಆಗ ಮೂವತ್ತಮೂರು ವರ್ಷ. ಸ್ತಂಭವು ಊರಿನ ಮಧ್ಯದಲ್ಲಿ ನಿಂತೇ ಇತ್ತು. ದಿನವೂ ಅದರ ಪಕ್ಕದಲ್ಲಿ ಜನ ಹೋಗಿ ಬರುತ್ತಿದ್ದರು. ಆದರೆ ಓದಲಾರದ ಭಾಷೆಯಲ್ಲಿ ಬರೆದ ಕಲ್ಲು ಅವರ ಪಾಲಿಗೆ ಬರಿಯ ಕಲ್ಲು.

ಇಂಗ್ಲಿಷರ ಪಾಲಿಗೂ ಅದು ಬಹಳ ಕಾಲ ಪೂಜ್ಯವಾಗಿ ಉಳಿಯಲಿಲ್ಲ. ಗಾರೆ ಉದುರಿ ಸ್ತಂಭವು ಶಿಥಿಲವಾಯಿತು. 1821ರಲ್ಲಿ, ಹೇಸ್ಟಿಂಗ್ಸ್ ಪ್ರಭುವು ಗವರ್ನರ್ ಜನರಲ್ ಆಗಿದ್ದಾಗ, ಅದನ್ನು ಕೆಡವಿದರು. ಕೆಡವಿದವರು ಶತ್ರುಗಳಲ್ಲ, ಕಂಪನಿಯ ಸರಕಾರದವರೇ. ಮುಂದಿನ ಎಂಬತ್ತೊಂದು ವರ್ಷ ಆ ಸ್ಥಳದಲ್ಲಿ ಯಾವ ಸ್ಮಾರಕವೂ ಇರಲಿಲ್ಲ.

ಈ ಎಂಬತ್ತೊಂದು ವರ್ಷಗಳಲ್ಲಿ ಕಪ್ಪು ಕೋಣೆಯ ಕತೆ ಮರೆತುಹೋಗಿದ್ದಿದ್ದರೆ ಆಶ್ಚರ್ಯಪಡಬೇಕಾದದ್ದೇನೂ ಇರಲಿಲ್ಲ. ಆದದ್ದು ಇದಕ್ಕೆ ತದ್ವಿರುದ್ಧ. ಕಲ್ಲು ಇಲ್ಲದ ಕಾಲದಲ್ಲಿಯೇ ಕತೆ ಬೆಳೆದು ಲೋಕಪ್ರಸಿದ್ಧವಾಯಿತು. ಅದನ್ನು ಬೆಳೆಸಿದ್ದು ಪುಸ್ತಕ, ಅದರಲ್ಲಿಯೂ ವಿದ್ಯಾರ್ಥಿಗಳ ಪುಸ್ತಕ.

ಜೇಮ್ಸ್ ಮಿಲ್ಲನು 1817ರಲ್ಲಿ ಪ್ರಕಟಿಸಿದ ಇಂಡಿಯಾ ದೇಶದ ಚರಿತ್ರೆಯು ಕಂಪನಿಯ ನೌಕರಿಗೆ ಬರುವ ಯುವಕರಿಗೆ ಹೈಲಿಬರಿ ಕಾಲೇಜಿನಲ್ಲಿ ಪಾಠಗ್ರಂಥವಾಗಿದ್ದಿತು. ಮಿಲ್ಲನು ನಮ್ಮ ದೇಶದ ಬಗ್ಗೆ ಆದರವುಳ್ಳವನಲ್ಲ. ಹಾಗಿದ್ದರೂ ಈ ಪ್ರಸಂಗದಲ್ಲಿ ಆತನು ತನ್ನವರನ್ನೇ ಪ್ರಶ್ನಿಸಿದ್ದಾನೆ. ಇಂಥ ಕೋಣೆಯನ್ನು ಇಂಗ್ಲಿಷರು ಇಟ್ಟುಕೊಂಡಿದ್ದೇಕೆ, ಅದು ಇಲ್ಲದಿದ್ದರೆ ಅಲ್ಲಿ ಸತ್ತವರು ಬದುಕುತ್ತಿದ್ದರಲ್ಲವೆ ಎಂಬುದು ಅವನ ವಾದ. ಅಂದರೆ 1817ರ ಓದುಗನಿಗೆ ಈ ಸಂಗತಿಯಲ್ಲಿ ಎರಡು ಕಡೆಯೂ ಕಾಣುತ್ತಿದ್ದಿತು.

ಇಪ್ಪತ್ತಮೂರು ವರ್ಷಗಳ ಮೇಲೆ, 1840ರ ಜನವರಿಯಲ್ಲಿ, ಮೆಕಾಲೆಯು ಕ್ಲೈವನನ್ನು ಕುರಿತು ತನ್ನ ಪ್ರಬಂಧವನ್ನು ಎಡಿನ್‌ಬರೋ ಪತ್ರಿಕೆಯಲ್ಲಿ ಪ್ರಕಟಿಸಿದನು. ಆತನ ಪ್ರಬಂಧವು ಒಂದು ದೂರಿನಿಂದ ಮೊದಲಾಗುತ್ತದೆ. ಮೆಕ್ಸಿಕೋ ಪೆರು ದೇಶಗಳನ್ನು ಸ್ಪೆಯಿನಿನವರು ಗೆದ್ದ ಕತೆ ಇಂಗ್ಲೆಂಡಿನ ಶಾಲೆಯ ಹುಡುಗರಿಗೆಲ್ಲ ಗೊತ್ತಿದೆ, ತಮ್ಮವರೇ ಇಂಡಿಯಾವನ್ನು ಗೆದ್ದ ಕತೆ ಓದಿದವರಿಗೂ ಗೊತ್ತಿಲ್ಲ ಎಂಬುದು ಆ ದೂರು. ಅದನ್ನು ಹೋಗಲಾಡಿಸಬೇಕೆಂದೇ ಬರೆದಂತಿರುವ ಆ ಪ್ರಬಂಧದಲ್ಲಿ ಕಪ್ಪು ಕೋಣೆಯು ನಾಟಕದ ಒಂದು ಅಂಕದಂತೆ ಬರುತ್ತದೆ. ಬಿಸಿಲು, ಬಾಯಾರಿಕೆ, ಕಿಟಕಿಯ ಹೊರಗೆ ನಿಂತು ನಗುವ ಕಾವಲುಗಾರರು, ಬೆಳಗ್ಗೆ ಹೆಣಗಳ ರಾಶಿ ಇವೆಲ್ಲವೂ ಅಲ್ಲಿವೆ. ಹಾಲ್ವೆಲ್ಲನ 146 ಮತ್ತು 23 ಕೂಡ ಅಲ್ಲಿವೆ. ಆದರೆ ಅದು ಹಾಲ್ವೆಲ್ಲನ ಅಂದಾಜು ಎಂಬ ಮಾತು ಅಲ್ಲಿ ಹಿಂದೆ ಸರಿದಿದೆ. ಮಿಲ್ಲನು ಕೇಳಿದ ಪ್ರಶ್ನೆಗೆ ಅಲ್ಲಿ ಸ್ಥಳವಿಲ್ಲ. ಈ ಪ್ರಬಂಧವು ಇಂಗ್ಲಿಷ್ ಗದ್ಯದ ಮಾದರಿಯೆಂದು ಇಂಗ್ಲೆಂಡಿನಲ್ಲಿಯೂ ಇಂಡಿಯಾದಲ್ಲಿಯೂ ಮುಂದೆ ಹಲವು ತಲೆಮಾರುಗಳ ಕಾಲ ತರಗತಿಗಳಲ್ಲಿ ಪಾಠವಾಯಿತು. ಅಂದರೆ ಚರಿತ್ರೆಯ ಪಾಠವೆಂದಲ್ಲದೆ ಭಾಷೆಯ ಪಾಠವೆಂದೂ ಈ ಕತೆ ಹುಡುಗರ ತಲೆಗೆ ಸೇರಿತು. ಚರಿತ್ರೆಯ ಪಾಠದಲ್ಲಾದರೆ ಉಪಾಧ್ಯಾಯರು 'ಇದು ನಿಜವೆ?' ಎಂದು ಕೇಳಬಹುದು. ಭಾಷೆಯ ಪಾಠದಲ್ಲಿ ಕೇಳುವುದು 'ಈ ಶಬ್ದದ ಅರ್ಥವೇನು?' ಎಂದು ಮಾತ್ರ.

ಪ್ರಬಂಧದಿಂದ ಚಿಕ್ಕ ಪಠ್ಯಪುಸ್ತಕಕ್ಕೆ ಇಳಿಯುವಾಗ ಕತೆ ಇನ್ನೂ ಮೊಟಕಾಗುತ್ತದೆ. ಹೇಗೆಂಬುದನ್ನು ಹಂತಹಂತವಾಗಿ ನೋಡಬಹುದು. ಮೊದಲನೆಯ ಹಂತದಲ್ಲಿ ಸಾಕ್ಷಿಯು 'ನಾವು ಸುಮಾರು ಇಷ್ಟು ಜನರಿದ್ದೆವು' ಎನ್ನುತ್ತಾನೆ. ಎರಡನೆಯ ಹಂತದಲ್ಲಿ ಚರಿತ್ರೆಕಾರನು 'ಇಷ್ಟು ಜನರಿದ್ದರೆಂದು ಸಾಕ್ಷಿ ಹೇಳುತ್ತಾನೆ' ಎಂದು ಬರೆಯುತ್ತಾನೆ. ಮೂರನೆಯ ಹಂತದಲ್ಲಿ ಪ್ರಬಂಧಕಾರನು ಸಾಕ್ಷಿಯನ್ನು ಮರೆಮಾಡಿ 'ಇಷ್ಟು ಜನರಿದ್ದರು' ಎನ್ನುತ್ತಾನೆ. ನಾಲ್ಕನೆಯ ಹಂತದಲ್ಲಿ ಪಠ್ಯಪುಸ್ತಕವು 'ಸಿರಾಜುದ್ದೌಲನು ಇಷ್ಟು ಜನರನ್ನು ಕೊಲ್ಲಿಸಿದನು' ಎನ್ನುತ್ತದೆ. ಪ್ರತಿಯೊಂದು ಹಂತದಲ್ಲಿಯೂ ಬಿಟ್ಟದ್ದು ಒಂದೆರಡು ಮಾತು ಮಾತ್ರ. ಯಾರೂ ಬೇಕೆಂದು ಸುಳ್ಳು ಸೇರಿಸಲಿಲ್ಲ. ಆದರೆ ಕೊನೆಯ ವಾಕ್ಯವು ಮೊದಲನೆಯ ಸಾಕ್ಷಿಯೇ ಒಪ್ಪದಿದ್ದ ವಾಕ್ಯ. ನವಾಬನ ಆಜ್ಞೆಯಿರಲಿಲ್ಲವೆಂದು ಹಾಲ್ವೆಲ್ ಬರೆದ ಮಾತು ಕಳೆದುಹೋದದ್ದು ಈ ದಾರಿಯಲ್ಲಿ. ಪರೀಕ್ಷೆಯ ಉತ್ತರದಲ್ಲಿ ಬರೆಯಬೇಕಾದ್ದು ಇಸವಿ, ಹೆಸರು, ಸಂಖ್ಯೆ. 'ಎಂದು ಹೇಳುತ್ತಾರೆ' ಎಂಬುದಕ್ಕೆ ಗುಣಾಂಕವಿಲ್ಲ.

ಈಗ ಎರಡನೆಯ ಸ್ತಂಭದ ವಿಚಾರಕ್ಕೆ ಬರೋಣ. 1898ರಲ್ಲಿ ಕರ್ಜನ್ ಪ್ರಭುವು ವೈಸರಾಯಿಯಾಗಿ ಇಂಡಿಯಾಕ್ಕೆ ಬರುತ್ತ ಹಡಗಿನಲ್ಲಿ ಬಸ್ಟೀಡ್ ಎಂಬ ಗ್ರಂಥಕಾರನು ಹಳೆಯ ಕಲ್ಕತ್ತೆಯನ್ನು ಕುರಿತು ಬರೆದ ಪುಸ್ತಕವನ್ನು ಓದಿದನು. ಕಪ್ಪು ಕೋಣೆಯಲ್ಲಿ ಸತ್ತವರಿಗೆ ಸ್ಮಾರಕವಿಲ್ಲವೆಂಬುದು ಅದರಿಂದ ಅವನ ಮನಸ್ಸಿಗೆ ನಾಟಿತು. ಹಳೆಯ ಕೋಟೆಯ ಗುರುತುಗಳನ್ನು ಹುಡುಕಿಸಿದನು. ಕೋಣೆಯಿದ್ದ ಜಾಗವು ದೊಡ್ಡ ಅಂಚೆ ಕಚೇರಿಯ ಪಕ್ಕದಲ್ಲಿದ್ದಿತು. ಅಲ್ಲಿ ಕಪ್ಪು ಅಮೃತಶಿಲೆ ಹಾಸಿಸಿ ಕಟಕಟೆ ಹಾಕಿಸಿದನು. 1902ರ ಡಿಸೆಂಬರ್ 19ರಂದು ಡಾಲ್‌ಹೌಸಿ ಚೌಕದ ಮೂಲೆಯಲ್ಲಿ, ಹಳೆಯ ಸ್ತಂಭದ ಮಾದರಿಯಲ್ಲಿಯೇ, ಬಿಳಿಯ ಅಮೃತಶಿಲೆಯ ಹೊಸ ಸ್ತಂಭವನ್ನು ತನ್ನ ವೆಚ್ಚದಿಂದ ನಿಲ್ಲಿಸಿ ಅನಾವರಣ ಮಾಡಿದನು. ನವಾಬನನ್ನು ದೂರುವ ಹಳೆಯ ಕಟುವಾದ ಮಾತುಗಳನ್ನು ಬಿಟ್ಟನು. ಹೊಸದಾಗಿ ದೊರೆತ ಸುಮಾರು ಇಪ್ಪತ್ತು ಹೆಸರುಗಳನ್ನು ಸೇರಿಸಿದನು. ಆದರೂ ಸತ್ತವರು 123 ಎಂಬ ಸಂಖ್ಯೆಯನ್ನು ಕಲ್ಲಿನ ಮೇಲೆ ಹಾಗೆಯೇ ಕೆತ್ತಿಸಿದನು.

ಇಲ್ಲಿ ಕಾರಣ ಯಾವುದು, ಕಾರ್ಯ ಯಾವುದು ಎಂಬುದನ್ನು ಸರಿಯಾಗಿ ನೋಡಬೇಕು. ಸ್ಮಾರಕದಿಂದ ಪುಸ್ತಕವಾಗಲಿಲ್ಲ, ಪುಸ್ತಕದಿಂದ ಸ್ಮಾರಕವಾಯಿತು. ಶಾಲೆಯಲ್ಲಿ ಓದಿ ಬೆಳೆದ ಒಂದು ತಲೆಮಾರು ದೊಡ್ಡವರಾಗಿ ಅಧಿಕಾರಕ್ಕೆ ಬಂದಾಗ ತಮ್ಮ ಪಾಠಕ್ಕೆ ಕಲ್ಲಿನ ಸಾಕ್ಷಿ ಬೇಕೆಂದು ಬಯಸುತ್ತದೆ. ಆ ಮೇಲೆ ಕಲ್ಲು ಪುಸ್ತಕಕ್ಕೆ ಸಾಕ್ಷಿಯಾಗುತ್ತದೆ. ಸಂಖ್ಯೆ ಎಲ್ಲಿಂದ ಬಂತೆಂದು ಕೇಳಿದವನಿಗೆ ಸ್ತಂಭವನ್ನು ತೋರಿಸುತ್ತಾರೆ. ಸ್ತಂಭಕ್ಕೆ ಆಧಾರವೇನೆಂದರೆ ಪುಸ್ತಕವನ್ನು ತೋರಿಸುತ್ತಾರೆ. ಎರಡಕ್ಕೂ ಮೂಲ ಒಬ್ಬನೇ ಸಾಕ್ಷಿಯೆಂಬುದು ಈ ಸುತ್ತಿನಲ್ಲಿ ಕಾಣದಾಗುತ್ತದೆ.

ಕರ್ಜನನು ಸ್ತಂಭ ನಿಲ್ಲಿಸುವ ಹೊತ್ತಿಗಾಗಲೇ ಬಂಗಾಳದಲ್ಲಿ ಇನ್ನೊಂದು ನೆನಪು ಹುಟ್ಟುತ್ತಿದ್ದಿತು. ರಾಜಶಾಹಿಯ ವಕೀಲರಾದ ಅಕ್ಷಯಕುಮಾರ ಮೈತ್ರೇಯರು 1898ರಲ್ಲಿ ಸಿರಾಜುದ್ದೌಲನ ಚರಿತ್ರೆಯನ್ನು ಬಂಗಾಳಿಯಲ್ಲಿ ಪ್ರಕಟಿಸಿ, ಕಪ್ಪು ಕೋಣೆಯ ಕತೆ ನಂಬತಕ್ಕದ್ದಲ್ಲವೆಂದು ವಾದಿಸಿದ್ದರು. 1915ರಲ್ಲಿ ಜೆ. ಎಚ್. ಲಿಟಲ್ ಎಂಬ ಇಂಗ್ಲಿಷರೇ ಕಲ್ಕತ್ತೆಯ ಚರಿತ್ರೆಯ ಸಂಘದ ಪತ್ರಿಕೆಯಲ್ಲಿ ಹಾಲ್ವೆಲ್ಲನ ಮಾತು ಕಟ್ಟುಕತೆಯೆಂದು ಬರೆದರು. 1916ರ ಮಾರ್ಚಿಯಲ್ಲಿ ಈ ಬಗ್ಗೆ ಸಭೆ ಸೇರಿ ಬಹಿರಂಗವಾಗಿ ಚರ್ಚೆ ನಡೆಸಿದರು. ಅದರಲ್ಲಿ ಮೈತ್ರೇಯರೂ ಭಾಗವಹಿಸಿದರು.

ಅವರ ವಾದಗಳಲ್ಲಿ ಎರಡನ್ನು ತೂಗಿ ನೋಡೋಣ. ಚರಿತ್ರೆಯಲ್ಲಿ ಗಟ್ಟಿಯಾದ ವಾದ ಯಾವುದು, ಗಟ್ಟಿಯಾಗಿ ಕಾಣುವ ವಾದ ಯಾವುದು ಎಂಬುದು ಇದರಿಂದ ತಿಳಿಯುತ್ತದೆ. ಮೊದಲನೆಯದು ಕೋಣೆಯ ಅಳತೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಸ್ತಿಭಾರವನ್ನು ಅಗೆದು ನೋಡಿದವರು ಕೊಟ್ಟ ಅಳತೆಯಂತೆ ಕೋಣೆಯ ಉದ್ದ ಸುಮಾರು 18 ಅಡಿ, ಅಗಲ 15 ಅಡಿಗೆ ಎರಡಂಗುಲ ಕಡಿಮೆ. ಅಂದರೆ ನೆಲ ಸುಮಾರು 267 ಚದರ ಅಡಿ. ಇದರಲ್ಲಿ 146 ಜನರೆಂದರೆ ಒಬ್ಬೊಬ್ಬನಿಗೆ ಎರಡು ಚದರ ಅಡಿಯೂ ಬರುವುದಿಲ್ಲ. ಇದು ಅಸಾಧ್ಯವೆಂದು ಅನೇಕರು ಹೇಳಿದರು. ಕೇಳುವವರಿಗೂ ಹಾಗೆಯೇ ತೋರುತ್ತದೆ. ಆದರೆ ಜಾತ್ರೆಯ ನೂಕಾಟದಲ್ಲಿ ಜನ ಇಷ್ಟೇ ಸ್ಥಳದಲ್ಲಿ ನಿಲ್ಲುವುದುಂಟು, ಅದರಿಂದ ಉಸಿರುಕಟ್ಟಿ ಸಾಯುವುದೂ ಉಂಟು. ಆದುದರಿಂದ ಅಳತೆಯೊಂದರಿಂದಲೇ ಕತೆಯನ್ನು ಸುಳ್ಳೆನ್ನಲಾಗದು. ಸಂಶಯಕ್ಕೆ ಎಡೆಯಿದೆ ಎನ್ನಬಹುದು.

ಎರಡನೆಯದು ಹೆಚ್ಚು ಗಟ್ಟಿಯಾದದ್ದು. ಕೋಟೆಯಲ್ಲಿ ಸೆರೆಹಿಡಿಯುವುದಕ್ಕೆ ಅಷ್ಟು ಜನ ಉಳಿದಿದ್ದರೆ? ಡ್ರೇಕನು ಹೋದ ಮೇಲೆ ಕೋಟೆಯನ್ನು ಕಾಯುವುದಕ್ಕೆ ಉಳಿದವರು ಸುಮಾರು 170 ಎಂದು ಹಾಲ್ವೆಲ್ಲನ ಲೆಕ್ಕವೇ ಇದೆ. ಇವರಲ್ಲಿ ಕೆಲವರು ಕಾಳಗದಲ್ಲಿ ಸತ್ತರು. ಕೆಲವರು ರಾತ್ರಿ ಕೋಟೆ ಹಾರಿ ಓಡಿದರು. ಕೋಟೆ ಬಿದ್ದ ಗೊಂದಲದಲ್ಲಿ ಇನ್ನೂ ಕೆಲವರು ತಪ್ಪಿಸಿಕೊಂಡರು. ಇವರನ್ನೆಲ್ಲ ಕಳೆದರೆ 146 ಉಳಿಯುವುದಿಲ್ಲ. 1959ರಲ್ಲಿ ಬ್ರಿಜೇನ್ ಗುಪ್ತ ಎಂಬ ವಿದ್ವಾಂಸರು ಸಮಕಾಲೀನ ಕಾಗದಪತ್ರಗಳನ್ನು ಹೋಲಿಸಿ ನೋಡಿ, ಕೋಣೆಗೆ ಹೋದವರು ಸುಮಾರು 64, ಬದುಕಿ ಬಂದವರು 21 ಎಂದು ನಿರ್ಣಯಿಸಿದರು. ಹಾಗಾದರೆ ಸತ್ತವರು 43. ಈಚಿನ ಚರಿತ್ರೆಕಾರರಲ್ಲಿ ಹಲವರು ಈ ಲೆಕ್ಕವನ್ನೇ ಸತ್ಯಕ್ಕೆ ಹತ್ತಿರವಾದುದೆಂದು ಎಣಿಸುತ್ತಾರೆ. ಎಲ್ಲವೂ ಕಟ್ಟುಕತೆಯೆಂಬ ಲಿಟಲ್ಲರ ವಾದವೂ ನಿಲ್ಲಲಿಲ್ಲ. ಏಕೆಂದರೆ ಹಾಲ್ವೆಲ್ಲನಲ್ಲದೆ ಬದುಕಿ ಬಂದ ಇತರರ ಹೇಳಿಕೆಗಳೂ ಇವೆ. ಅವರಲ್ಲೊಬ್ಬನಾದ ಕುಕ್ ಎಂಬುವನು 1772ರಲ್ಲಿ ಪಾರ್ಲಿಮೆಂಟಿನ ಸಮಿತಿಯ ಮುಂದೆ ಸಾಕ್ಷ್ಯ ಹೇಳಿದನು.

ಇಂಥ ಮಧ್ಯದ ಉತ್ತರಕ್ಕೆ ಬೀದಿಯಲ್ಲಿ ಸ್ಥಳವಿರಲಿಲ್ಲ. 1940ರಲ್ಲಿ ಸುಭಾಷಚಂದ್ರ ಬೋಸರು ಹಾಲ್ವೆಲ್ ಸ್ತಂಭವು ದೇಶಕ್ಕೆ ಅವಮಾನವೆಂದು ಸಾರಿ ಅದನ್ನು ತೆಗೆಸುವ ಚಳುವಳಿಯನ್ನು ಹೂಡಿದರು. ಜುಲೈ 3ರಂದು ಸಿರಾಜುದ್ದೌಲನ ದಿನವನ್ನು ಆಚರಿಸಬೇಕೆಂದಿದ್ದಿತು; ಹಿಂದಿನ ದಿನ ಬೋಸರನ್ನು ಸೆರೆಹಿಡಿದರು. ಹಿಂದೂ ಮುಸಲ್ಮಾನ ವಿದ್ಯಾರ್ಥಿಗಳು ಜೊತೆಗೂಡಿ ಚಳುವಳಿಯನ್ನು ಮುಂದುವರಿಸಿದರು. ಆಗ ಬಂಗಾಳದ ಮುಖ್ಯಮಂತ್ರಿಯಾಗಿದ್ದ ಫಜ್ಲುಲ್ ಹಕ್ಕರ ಸರಕಾರವು ಸ್ತಂಭವನ್ನು ತೆಗೆಯಲು ಒಪ್ಪಿತು. ಅದನ್ನು ಒಡೆಯಲಿಲ್ಲ, ಸಂತ ಜಾನರ ಇಗರ್ಜಿಯ ಆವರಣಕ್ಕೆ ಸಾಗಿಸಿದರು. ಈಗಲೂ ಅದು ಅಲ್ಲಿದೆ. ಅದಿದ್ದ ಚೌಕಕ್ಕೆ ಸ್ವಾತಂತ್ರ್ಯ ಬಂದ ಮೇಲೆ ಬಿನಯ್, ಬಾದಲ್, ದಿನೇಶ್ ಎಂಬ ಮೂವರು ಕ್ರಾಂತಿಕಾರರ ಹೆಸರಿಟ್ಟರು. ಅವರು 1930ರಲ್ಲಿ ಅದೇ ಚೌಕದ ಸರಕಾರಿ ಕಚೇರಿಗೆ ನುಗ್ಗಿ ಸೆರೆಮನೆಗಳ ಮುಖ್ಯಾಧಿಕಾರಿಯನ್ನು ಕೊಂದವರು. ಒಂದು ನೆನಪಿನ ಸ್ಥಳವನ್ನು ಇನ್ನೊಂದು ನೆನಪಿಗೆ ಕೊಟ್ಟಂತಾಯಿತು.

ನಮ್ಮ ಊರಿನಲ್ಲಿಯೂ ಇಂಥದೇ ಒಂದು ನಡೆದಿದೆ. 1791ರಲ್ಲಿ ಟಿಪ್ಪು ಸುಲ್ತಾನನ ಬೆಂಗಳೂರು ಕೋಟೆಯ ಮುತ್ತಿಗೆಯಲ್ಲಿ ಸತ್ತ ಇಂಗ್ಲಿಷ್ ಅಧಿಕಾರಿಗಳಿಗಾಗಿ ಹಡ್ಸನ್ ವೃತ್ತದ ಬಳಿ ಒಂದು ಸ್ತಂಭವಿದ್ದಿತು. ಅದನ್ನು ಸೆನೊಟಾಫ್ ಎನ್ನುತ್ತಿದ್ದರು. ಆ ರಸ್ತೆಗೂ ಅದೇ ಹೆಸರು. 1964ರಲ್ಲಿ ಅದನ್ನು ಕೆಡವಿದರು. ರಸ್ತೆ ಈಗ ನೃಪತುಂಗ ರಸ್ತೆ. ಪ್ರತಿದಿನ ಅಲ್ಲಿ ಸಂಚರಿಸುವವರಲ್ಲಿ ಆ ಮುತ್ತಿಗೆಯನ್ನೂ ಸ್ತಂಭವನ್ನೂ ಬಲ್ಲವರು ಎಷ್ಟು ಮಂದಿ? ಕಲ್ಲು ಇದ್ದಾಗಲೂ ಬಲ್ಲವರು ಹೆಚ್ಚಾಗಿರಲಾರರು. ಹಾಜಿ ಮುಸ್ತಾಫನು ಕಲ್ಕತ್ತೆಯಲ್ಲಿ ಕಂಡದ್ದು ಬೆಂಗಳೂರಿಗೂ ಸಲ್ಲುತ್ತದೆ.

ಕಪ್ಪು ಕೋಣೆಯ ಸ್ತಂಭ ಹೋದ ಮೇಲೆ ಪಾಠವೂ ಹೋಯಿತು. ಸ್ವತಂತ್ರ ಭಾರತದ ಅನೇಕ ಪಠ್ಯಪುಸ್ತಕಗಳಲ್ಲಿ ಪ್ಲಾಸಿಗೆ ಪುಟಗಳಿವೆ. ಈ ಸಂಗತಿಗೆ ಒಂದು ವಾಕ್ಯವಿದ್ದರೆ ಹೆಚ್ಚು. ಅತ್ತ ಇಂಗ್ಲಿಷ್ ಭಾಷೆಯಲ್ಲಿ ಅದು ಗಾಳಿಯಿಲ್ಲದ ಕಿಕ್ಕಿರಿದ ಜಾಗಕ್ಕೆಲ್ಲ ಹೇಳುವ ಒಂದು ನುಡಿಗಟ್ಟಾಗಿ ಉಳಿದಿದೆ. ಹೇಳುವವರಿಗೆ ಇಸವಿಯೂ ಗೊತ್ತಿಲ್ಲ, ನವಾಬನೂ ಗೊತ್ತಿಲ್ಲ. ಒಂದು ರಾಷ್ಟ್ರವು 123 ಎಂದು ಕಲಿಸಿತು. ಇನ್ನೊಂದು ಏನೂ ಇಲ್ಲವೆಂದು ಸುಮ್ಮನಾಯಿತು. ಈ ಎರಡು ನೆನಪುಗಳ ನಡುವೆ ಬಿದ್ದುಹೋದವರು ನಿಜವಾಗಿಯೂ ಸತ್ತ ಆ ನಲವತ್ತುಮೂರು ಮಂದಿ, ಅಥವಾ ಅದರ ಸುಮಾರಿನವರು. ಅವರಲ್ಲಿ ಕಂಪನಿಯ ಗುಮಾಸ್ತರಿದ್ದರು, ಸಾಮಾನ್ಯ ಸಿಪಾಯಿಗಳಿದ್ದರು. ತಮ್ಮ ಗವರ್ನರನು ಬಿಟ್ಟು ಓಡಿದ ಕೋಟೆಯನ್ನು ಕಾಯಲು ಉಳಿದವರು. 123 ಎಂಬ ಸಂಖ್ಯೆಯನ್ನು ಹಿಡಿದವರಿಗೆ 43 ಎಂದರೆ ಅಪಮಾನವಾಗಿ ಕಂಡಿತು. ಸ್ತಂಭವನ್ನು ತೆಗೆಸಿದವರಿಗೆ 43 ಎಂದರೆ ಶತ್ರುವಿಗೆ ಸೋತಂತೆ ಕಂಡಿತು. ಆದುದರಿಂದ ಅವರನ್ನು ಅವರ ಲೆಕ್ಕದಲ್ಲಿಯೇ ನೆನೆಯುವವರು ಎರಡು ಕಡೆಯೂ ಬಹಳ ಕಡಿಮೆ.

ಹಾಗಾದರೆ ಓದುಗನು ಮಾಡಬೇಕಾದುದೇನು? ಮಕ್ಕಳ ಚರಿತ್ರೆಯ ಪುಸ್ತಕ ಕೈಗೆ ಬಂದಾಗ ಒಂದು ಸಂಗತಿಯನ್ನು ಹಿಡಿದು ಮೂರು ಪ್ರಶ್ನೆಗಳನ್ನು ಕೇಳಿ ನೋಡಬಹುದು. ಈ ಸಂಖ್ಯೆಯನ್ನು ಮೊದಲು ಹೇಳಿದವರು ಯಾರು? ಅವರು ಅದನ್ನು ಒಂದೇ ರೀತಿಯಾಗಿ ಹೇಳಿದರೆ, ಬದಲಾಯಿಸಿ ಹೇಳಿದರೆ? ಮಾಡಿದವನ ಹೆಸರನ್ನು ಕ್ರಿಯಾಪದಕ್ಕೆ ಕೂಡಿಸಿದವರು ಸಾಕ್ಷಿಗಳೆ, ಆಮೇಲೆ ಬರೆದವರೆ? ಪುಸ್ತಕದಲ್ಲಿ ಈ ಮೂರಕ್ಕೂ ಉತ್ತರವಿಲ್ಲದಿದ್ದರೆ ಆ ವಾಕ್ಯವು ನಾವು ಹೇಳಿದ ನಾಲ್ಕನೆಯ ಹಂತದ್ದು. ಅದು ಸುಳ್ಳೇ ಆಗಿರಬೇಕೆಂದಿಲ್ಲ. ಅದರ ದಾರಿಯನ್ನು ಮಾತ್ರ ಹಿಂದಕ್ಕೆ ನಡೆದು ನೋಡಬೇಕಾಗಿದೆ. ಇದೇ ಪ್ರಶ್ನೆಗಳನ್ನು ನಮಗೆ ಪ್ರಿಯವಾದ ಕತೆಗಳಿಗೂ ಹಾಕಬೇಕು. ಪರರ ಸ್ಮಾರಕಗಳನ್ನು ಪರೀಕ್ಷೆ ಮಾಡುವುದು ಸುಲಭ. ಮೈತ್ರೇಯರಿಗೂ ಮುಂದಿನವರಿಗೂ ಅದು ಸುಲಭವಾಗಿಯೇ ಇದ್ದಿತು.

ಸ್ತಂಭಗಳ ಮೇಲೆ ಜಗಳವಾಡುವುದರಲ್ಲಿ ನಾವು ಬಹಳ ಉತ್ಸಾಹ ತೋರಿಸುತ್ತೇವೆ. ಸ್ತಂಭವು ಕಣ್ಣಿಗೆ ಕಾಣುತ್ತದೆ, ಅದನ್ನು ಒಂದು ದಿನದಲ್ಲಿ ನಿಲ್ಲಿಸಬಹುದು, ಒಂದು ರಾತ್ರಿಯಲ್ಲಿ ತೆಗೆಯಬಹುದು. ಕಲ್ಕತ್ತೆಯ ಉದಾಹರಣೆಯಲ್ಲಿ ಕಲ್ಲು ಇದ್ದಾಗ ಜನ ಮರೆತಿದ್ದರು, ಕಲ್ಲು ಇಲ್ಲದಾಗ ನೆನೆದರು. ವ್ಯತ್ಯಾಸವನ್ನು ಮಾಡಿದ್ದು ತರಗತಿಯಲ್ಲಿ ಓದಿದ ಒಂದು ಪ್ರಬಂಧ, ಬಾಯಿಪಾಠ ಮಾಡಿದ ಒಂದು ಸಂಖ್ಯೆ. ಮುಂದಿನ ತಲೆಮಾರಿನ ರಾಷ್ಟ್ರವು ಏನನ್ನು ನೆನೆಯುವುದೆಂದು ತಿಳಿಯಬೇಕಾದರೆ ಚೌಕಗಳನ್ನು ಸುತ್ತಬೇಕಾಗಿಲ್ಲ. ಈ ವರ್ಷದ ಪ್ರೌಢಶಾಲೆಯ ಚರಿತ್ರೆಯ ಪುಸ್ತಕವನ್ನು ತೆರೆದು, ಅದರಲ್ಲಿ 'ಎಂದು ಹೇಳುತ್ತಾರೆ' ಎಂಬ ಮಾತು ಎಷ್ಟು ಕಡೆ ಇದೆಯೆಂದು ಎಣಿಸಿದರೆ ಸಾಕು.